ಮಾಳಿಗೆಯ ಸೌರ ವಿದ್ಯುತ್ತು ಮತ್ತು ತಿಂಗಳ ನಿವ್ವಳ ಬಿಲ್ಲು

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳಿಗೆ ವಿದ್ಯುತ್ ಪೂರೈಸುವ ಸಂಸ್ಥೆ ಗುಲಬರ್ಗಾ ವಿದ್ಯುತ್ ಸರಬರಾಜು ಕಂಪನಿ. ಜನರ ಬಾಯಲ್ಲಿ ಅದು ಜೆಸ್ಕಾಂ. ಈ ಕಂಪನಿ ಯಾವ ದರದಲ್ಲಿ ವಿದ್ಯುತ್ ಮಾರಬೇಕು, ಮನೆಯ ಮಾಳಿಗೆಯ ಮೇಲೆ ತಯಾರಾದ ಸೌರ ವಿದ್ಯುತ್ತನ್ನು ಯಾವ ದರದಲ್ಲಿ ಕೊಳ್ಳಬೇಕು ಎಂಬ ಎರಡನ್ನೂ ನಿರ್ಧರಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ಸೌರ ಫಲಕ ಹಾಕಿಸಿದ ಮನೆಗೆ ಬರುವ ಬಿಲ್ಲಿನಲ್ಲಿ ಈ ಎರಡು ದರಗಳೂ ಕೆಲಸ ಮಾಡುತ್ತವೆ. ಆದರೆ ಯೂನಿಟ್ಟಿನ ಲೆಕ್ಕದಲ್ಲಿ ಎರಡೂ ಒಂದೇ ತಿಂಗಳಲ್ಲಿ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಬಿಲ್ಲು ಅರ್ಥವಾಗದಿರಲು ಬಹುಪಾಲು ಕಾರಣ ಇದೇ.

ನಿವ್ವಳ ಬಿಲ್ಲು ಎಂದರೇನು

ಸೌರ ಫಲಕಗಳು ಹಗಲಿನಲ್ಲಿ ಮಾತ್ರ ವಿದ್ಯುತ್ ಕೊಡುತ್ತವೆ. ಮನೆಗೆ ವಿದ್ಯುತ್ ಬೇಕಾಗುವುದು ಹಗಲು ರಾತ್ರಿ ಎರಡೂ ಹೊತ್ತು. ಮಧ್ಯಾಹ್ನ ಮನೆಯಲ್ಲಿ ಒಂದು ಫ್ಯಾನು, ಒಂದು ಫ್ರಿಜ್ಜು ಮಾತ್ರ ಓಡುತ್ತಿದ್ದರೆ ಫಲಕಗಳು ಕೊಡುವ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಉಳಿಯುತ್ತದೆ. ಆ ಉಳಿಕೆಯು ಬೀದಿಯ ತಂತಿಗೆ ಹರಿದು ನೆರೆಮನೆಗಳಲ್ಲಿ ಖರ್ಚಾಗುತ್ತದೆ. ಇದು ರಫ್ತು. ಸಂಜೆಯ ನಂತರ ಕೂಲರ್, ದೀಪ, ಟಿವಿಗಳಿಗೆ ಬೇಕಾದ ವಿದ್ಯುತ್ ಅದೇ ತಂತಿಯಿಂದ ಮನೆಯೊಳಗೆ ಬರುತ್ತದೆ. ಇದು ಆಮದು. ತಿಂಗಳ ಕೊನೆಗೆ ಆಮದಿನಿಂದ ರಫ್ತನ್ನು ಕಳೆದು, ಉಳಿದ ಯೂನಿಟ್ಟುಗಳಿಗೆ ಮಾತ್ರ ಹಣ ಲೆಕ್ಕ ಹಾಕುವ ಪದ್ಧತಿಗೆ ನೆಟ್ ಮೀಟರಿಂಗ್ ಎಂದು ಹೆಸರು. ಹಾಗೆ ಬಂದ ಬಿಲ್ಲು ನಿವ್ವಳ ಬಿಲ್ಲು.

ಎರಡೂ ದಿಕ್ಕಿನ ಹರಿವನ್ನು ಬೇರೆಬೇರೆಯಾಗಿ ಎಣಿಸಲು ಮನೆಗೆ ದ್ವಿಮುಖ ಮೀಟರ್ ಅಳವಡಿಸುತ್ತಾರೆ. ಅದರ ಪರದೆಯಲ್ಲಿ ಅಂಕಿಗಳು ಒಂದಾದ ಮೇಲೊಂದು ಸರಿದುಹೋಗುತ್ತವೆ. ಹಲವು ಮೀಟರುಗಳಲ್ಲಿ 1.8.0 ಎಂಬ ಸಂಕೇತದೊಂದಿಗೆ ಕಾಣುವ ಅಂಕಿ ಒಟ್ಟು ಆಮದು, 2.8.0 ಸಂಕೇತದೊಂದಿಗೆ ಕಾಣುವ ಅಂಕಿ ಒಟ್ಟು ರಫ್ತು. ಇವೆರಡೂ ಮೀಟರ್ ಕೂಡಿಸಿದ ದಿನದಿಂದ ಏರುತ್ತಲೇ ಹೋಗುವ ಮೊತ್ತಗಳು. ಯಾವುದೂ ಹಿಂದಕ್ಕೆ ತಿರುಗುವುದಿಲ್ಲ. ತಿಂಗಳ ಲೆಕ್ಕ ಬೇಕಾದರೆ ಈ ತಿಂಗಳ ಅಂಕಿಯಿಂದ ಕಳೆದ ತಿಂಗಳ ಅಂಕಿಯನ್ನು ಕಳೆಯಬೇಕು.

ಈ ಮೀಟರಿಗೆ ಕಾಣದ ಮೂರನೆಯ ಅಂಕಿಯೊಂದಿದೆ. ಫಲಕಗಳು ಉತ್ಪಾದಿಸಿ, ಆ ಕ್ಷಣದಲ್ಲೇ ಮನೆಯೊಳಗೆ ಖರ್ಚಾದ ವಿದ್ಯುತ್ತು ಬೀದಿಯ ತಂತಿಯನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಅದು ಬಿಲ್ಲಿನ ಆಮದು, ರಫ್ತು ಎರಡರಲ್ಲೂ ಇರುವುದಿಲ್ಲ. ಒಟ್ಟು ಉತ್ಪಾದನೆ ಎಷ್ಟೆಂಬುದನ್ನು ಸೌರ ಇನ್ವರ್ಟರಿನ ಪರದೆಯಲ್ಲೋ ಪ್ರತ್ಯೇಕ ಸೌರ ಮೀಟರಿನಲ್ಲೋ ನೋಡಬೇಕು. ‘ಫಲಕಗಳು ಮುನ್ನೂರೈವತ್ತು ಯೂನಿಟ್ ಕೊಟ್ಟಿವೆ, ಬಿಲ್ಲಿನಲ್ಲಿ ಇನ್ನೂರು ಮಾತ್ರ ತೋರಿಸಿದ್ದಾರೆ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಕಾಣದ ಅಂಕಿಯೇ.

ಬಿಲ್ಲಿನಲ್ಲಿ ಇರುವ ದರಗಳು

ಸೌರ ಫಲಕವಿದ್ದರೂ ಇಲ್ಲದಿದ್ದರೂ ಗೃಹಬಳಕೆಯ ಬಿಲ್ಲಿನ ಮೊದಲ ಸಾಲು ನಿಗದಿತ ಶುಲ್ಕ. ಇದು ಬಳಸಿದ ಯೂನಿಟ್ಟಿನ ಮೇಲಲ್ಲ, ಮನೆಗೆ ಮಂಜೂರಾದ ಲೋಡಿನ ಮೇಲೆ ಬೀಳುತ್ತದೆ. 2025-26ನೇ ಸಾಲಿಗೆ ಆಯೋಗ ನಿಗದಿ ಮಾಡಿದ ದರ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ. ಎರಡನೆಯದು ಬಳಕೆಯ ಶುಲ್ಕ. ಅದೇ ಸಾಲಿನಲ್ಲಿ ಪ್ರತಿ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಇದರ ಜೊತೆಗೆ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ನಿಧಿಗಾಗಿ ಯೂನಿಟ್ಟಿಗೆ 36 ಪೈಸೆ, ಬಳಕೆಯ ಶುಲ್ಕದ ಮೇಲೆ ಶೇಕಡಾ 9ರ ವಿದ್ಯುತ್ ತೆರಿಗೆ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂಬ ಇನ್ನೊಂದು ಸಾಲು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಕೆಳಗಿನ ಲೆಕ್ಕದಲ್ಲಿ ಅದನ್ನು ಬಿಡಲಾಗಿದೆ.

ಇವೆಲ್ಲ ಕಂಪನಿಯು ಗ್ರಾಹಕನಿಗೆ ಮಾರುವ ದರಗಳು. ಗ್ರಾಹಕನಿಂದ ಕೊಳ್ಳುವ ದರ ಬೇರೆ. ಅದು ಫಲಕ ಹಾಕಿಸಿದಾಗ ಮನೆಯವರು ಮತ್ತು ಕಂಪನಿ ಸಹಿ ಮಾಡಿದ ವಿದ್ಯುತ್ ಖರೀದಿ ಒಪ್ಪಂದದಲ್ಲಿ ಬರೆದಿರುತ್ತದೆ ಮತ್ತು ಒಪ್ಪಂದದ 25 ವರ್ಷಗಳವರೆಗೆ ಹಾಗೆಯೇ ಇರುತ್ತದೆ. ಹೊಸ ಒಪ್ಪಂದಗಳಿಗೆ ಮಾತ್ರ ಆಯೋಗ ಈ ದರವನ್ನು ಹಲವು ಬಾರಿ ಇಳಿಸಿದೆ. 2013ರ ಆದೇಶದಲ್ಲಿ ಸಹಾಯಧನ ಪಡೆಯದ ಘಟಕಗಳಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ, ಸಹಾಯಧನ ಪಡೆದವುಗಳಿಗೆ 7 ರೂಪಾಯಿ 20 ಪೈಸೆ ಇತ್ತು. ಆ ಕಾಲಕ್ಕೆ ಸೌರ ಫಲಕಗಳೇ ದುಬಾರಿ. ಫಲಕದ ಬೆಲೆ ಕುಸಿದಂತೆ ಖರೀದಿ ದರವೂ ಕುಸಿದು, ಈಗ ಹೊಸ ಒಪ್ಪಂದಗಳಿಗೆ ಸಿಗುವುದು ಮಾರಾಟ ದರಕ್ಕಿಂತ ಸಾಕಷ್ಟು ಕಡಿಮೆ. ಹೀಗಾಗಿ ಒಂದೇ ಓಣಿಯ ಎರಡು ಮನೆಗಳಿಗೆ, ಒಂದೇ ಅಳತೆಯ ಫಲಕಗಳಿಗೆ, ಬೇರೆಬೇರೆ ದರ ಸಿಗಬಹುದು. ಅದು ಅನ್ಯಾಯವಲ್ಲ, ಒಪ್ಪಂದದ ವರ್ಷದ ವ್ಯತ್ಯಾಸ.

2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರು ಅಥವಾ ಅದಕ್ಕಿಂತ ಹೆಚ್ಚಿನ ಕಿಲೋವ್ಯಾಟಿನ ಘಟಕಕ್ಕೆ ಒಟ್ಟು 78,000 ರೂಪಾಯಿ ಕೇಂದ್ರದ ಸಹಾಯಧನವಿದೆ. ಸಹಾಯಧನ ಪಡೆದ ಘಟಕಕ್ಕೆ ಖರೀದಿ ದರ ಇನ್ನಷ್ಟು ಕಡಿಮೆ ಇರುತ್ತದೆ ಎಂಬುದನ್ನು ಸಹಿ ಮಾಡುವ ಮೊದಲೇ ತಿಳಿದಿರಬೇಕು. ಈ ಲೇಖನದ ಲೆಕ್ಕಕ್ಕಾಗಿ ಒಪ್ಪಂದದ ದರವನ್ನು 2 ರೂಪಾಯಿ 50 ಪೈಸೆ ಎಂದು ಇಟ್ಟುಕೊಳ್ಳಲಾಗಿದೆ. ಓದುಗರು ಆ ಜಾಗದಲ್ಲಿ ತಮ್ಮ ಒಪ್ಪಂದದ ಅಂಕಿಯನ್ನು ಇಡಬೇಕು.

ಬೇಸಿಗೆಯ ಒಂದು ತಿಂಗಳು: ಆಮದು ಹೆಚ್ಚಾದಾಗ

ಸಿಂಧನೂರಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಂಜೂರಾದ ಲೋಡು 3 ಕಿಲೋವ್ಯಾಟ್, ಮಾಳಿಗೆಯ ಮೇಲಿನ ಫಲಕಗಳೂ 3 ಕಿಲೋವ್ಯಾಟ್. ಈ ಭಾಗದ ಬಿಸಿಲಿಗೆ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಮೇ ತಿಂಗಳಿನ ಬಿಸಿಲಿಗೆ ಇನ್ನೂ ಹೆಚ್ಚು ಬರಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಫಲಕಕ್ಕೆ ಬೇಕಾದದ್ದು ಬೆಳಕು, ಶಾಖವಲ್ಲ. ಫಲಕದ ಉಷ್ಣತೆ 25 ಡಿಗ್ರಿಗಿಂತ ಮೇಲೇರಿದ ಪ್ರತಿ ಡಿಗ್ರಿಗೂ ಉತ್ಪಾದನೆ ಶೇಕಡಾ 0.3ರಿಂದ 0.4ರಷ್ಟು ಇಳಿಯುತ್ತದೆ. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ಇರುವಾಗ ಫಲಕದ ಮೈ 60 ಡಿಗ್ರಿ ದಾಟುವುದರಿಂದ ಸುಮಾರು ಎಂಟನೇ ಒಂದು ಪಾಲು ಅಲ್ಲಿಯೇ ಹೋಗುತ್ತದೆ. ಆದ್ದರಿಂದ ತಿಂಗಳ ಉತ್ಪಾದನೆ 360 ಯೂನಿಟ್ ಎಂದು ಹಿಡಿಯುವುದು ಸಮಂಜಸ.

ಮೀಟರಿನ ಆಮದು ಅಂಕಿ ಕಳೆದ ತಿಂಗಳು 4,820 ಇತ್ತು, ಈಗ 5,060. ಅಂದರೆ 240 ಯೂನಿಟ್ ಒಳಗೆ ಬಂದಿದೆ. ರಫ್ತು ಅಂಕಿ 3,915ರಿಂದ 4,125ಕ್ಕೆ ಏರಿದೆ. ಅಂದರೆ 210 ಯೂನಿಟ್ ಹೊರಗೆ ಹೋಗಿದೆ. ನಿವ್ವಳ ಆಮದು 30 ಯೂನಿಟ್.

ಇನ್ನು ಹಣದ ಲೆಕ್ಕ. ನಿಗದಿತ ಶುಲ್ಕ 145ರಂತೆ ಮೂರು ಕಿಲೋವ್ಯಾಟಿಗೆ 435 ರೂಪಾಯಿ. 30 ಯೂನಿಟ್ಟಿಗೆ 5.80ರಂತೆ ಬಳಕೆಯ ಶುಲ್ಕ 174 ರೂಪಾಯಿ. ಪಿಂಚಣಿ ನಿಧಿಗೆ 36 ಪೈಸೆಯಂತೆ 10 ರೂಪಾಯಿ 80 ಪೈಸೆ. 174 ರೂಪಾಯಿಗೆ ಶೇಕಡಾ 9ರ ತೆರಿಗೆ 15 ರೂಪಾಯಿ 66 ಪೈಸೆ. ಒಟ್ಟು 635 ರೂಪಾಯಿ 46 ಪೈಸೆ. ಈ ಬಿಲ್ಲಿನಲ್ಲಿ ಒಪ್ಪಂದದ ಎರಡೂವರೆ ರೂಪಾಯಿ ದರ ಎಲ್ಲಿಯೂ ಬರಲಿಲ್ಲ. ರಫ್ತಾದ 210 ಯೂನಿಟ್ಟುಗಳು ಆಮದಾದ ಅಷ್ಟೇ ಯೂನಿಟ್ಟುಗಳನ್ನು ಅಳಿಸಿಹಾಕಿದವು. ಪ್ರತಿಯೊಂದರ ಬೆಲೆ ಪೂರ್ಣ 5.80, ಮೇಲಾಗಿ ತೆರಿಗೆ ಮತ್ತು ಪಿಂಚಣಿ ನಿಧಿಯ ಉಳಿತಾಯ.

ಫಲಕಗಳೇ ಇಲ್ಲದಿದ್ದರೆ ಏನಾಗುತ್ತಿತ್ತು? ಉತ್ಪಾದನೆಯಾದ 360ರಲ್ಲಿ 210 ಹೊರಗೆ ಹೋಗಿದೆ ಎಂದರೆ 150 ಯೂನಿಟ್ ಮನೆಯಲ್ಲೇ ಖರ್ಚಾಗಿದೆ. ಅದಕ್ಕೆ ಆಮದಿನ 240 ಸೇರಿಸಿದರೆ ಮನೆಯ ನಿಜವಾದ ಬಳಕೆ 390 ಯೂನಿಟ್. ಅಷ್ಟಕ್ಕೂ ಬಿಲ್ಲು ಬಂದಿದ್ದರೆ 2,262 ರೂಪಾಯಿ ಬಳಕೆಯ ಶುಲ್ಕ, 435 ನಿಗದಿತ ಶುಲ್ಕ, 140 ರೂಪಾಯಿ 40 ಪೈಸೆ ಪಿಂಚಣಿ ನಿಧಿ, 203 ರೂಪಾಯಿ 58 ಪೈಸೆ ತೆರಿಗೆ ಸೇರಿ 3,040 ರೂಪಾಯಿ 98 ಪೈಸೆ ಕಟ್ಟಬೇಕಿತ್ತು. ಆ ತಿಂಗಳು ಫಲಕಗಳು ಉಳಿಸಿದ ಹಣ 2,405 ರೂಪಾಯಿಯಷ್ಟು.

ಚಳಿಗಾಲದ ಒಂದು ತಿಂಗಳು: ರಫ್ತು ಹೆಚ್ಚಾದಾಗ

ಅದೇ ಮನೆ, ಜನವರಿ ತಿಂಗಳು. ಕೂಲರ್ ಮೂಲೆ ಸೇರಿದೆ. ಉತ್ಪಾದನೆ 330, ಆಮದು 110, ರಫ್ತು 230. ಈಗ ಹೊರಗೆ ಹೋದದ್ದೇ 120 ಯೂನಿಟ್ ಹೆಚ್ಚು. ಬಳಕೆಯ ಶುಲ್ಕ ಸೊನ್ನೆ, ಆದ್ದರಿಂದ ಅದರ ಮೇಲಿನ ತೆರಿಗೆಯೂ ಸೊನ್ನೆ. ಹೆಚ್ಚುವರಿ 120 ಯೂನಿಟ್ಟಿಗೆ ಈಗ ಒಪ್ಪಂದದ ದರ ಅನ್ವಯಿಸುತ್ತದೆ: 2.50ರಂತೆ 300 ರೂಪಾಯಿ ಮನೆಯವರ ಪಾಲಿಗೆ ಜಮಾ.

ಆದರೂ ಬಿಲ್ಲು ಸೊನ್ನೆಯಾಗುವುದಿಲ್ಲ. 435 ರೂಪಾಯಿ ನಿಗದಿತ ಶುಲ್ಕದಲ್ಲಿ 300 ಹೋಗಿ 135 ರೂಪಾಯಿ ಕಟ್ಟುವುದು ಉಳಿಯುತ್ತದೆ. ಕೊಂಡದ್ದಕ್ಕಿಂತ ಕೊಟ್ಟದ್ದೇ ಹೆಚ್ಚಾದರೂ ಹಣ ಕಟ್ಟಬೇಕೇ ಎಂದು ಹಲವರು ಕಚೇರಿಯ ಕಿಟಕಿಯಲ್ಲಿ ವಾದಿಸುವುದು ಈ ತಿಂಗಳುಗಳಲ್ಲೇ. ರಾತ್ರಿ ವಿದ್ಯುತ್ ಕೊಡಲು ಸಿದ್ಧವಾಗಿರುವ ತಂತಿ ಮತ್ತು ಟ್ರಾನ್ಸ್‌ಫಾರ್ಮರಿನ ಬಾಡಿಗೆ ಅದು. ಫಲಕಗಳು ಅದನ್ನು ಇಲ್ಲವಾಗಿಸುವುದಿಲ್ಲ. ನಿಗದಿತ ಶುಲ್ಕವನ್ನು ಪೂರ್ತಿ ಸರಿದೂಗಿಸಲು ಈ ದರದಲ್ಲಿ ತಿಂಗಳಿಗೆ 174 ಯೂನಿಟ್ ಹೆಚ್ಚುವರಿ ಬೇಕು.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಕರ್ನಾಟಕದಲ್ಲಿ ಈ ಕೂಡು-ಕಳೆ ಆಯಾ ಬಿಲ್ಲಿನ ಅವಧಿಗೇ ಮುಗಿಯುತ್ತದೆ. ಜನವರಿಯ ಹೆಚ್ಚುವರಿ ಯೂನಿಟ್ಟುಗಳು ಮೇ ತಿಂಗಳಿಗೆ ಯೂನಿಟ್ಟುಗಳಾಗಿ ದಾಟುವುದಿಲ್ಲ, ಹಣವಾಗಿಯೇ ಇತ್ಯರ್ಥವಾಗುತ್ತವೆ. ಜನವರಿಯಲ್ಲಿ ಎರಡೂವರೆಗೆ ಮಾರಿದ ಯೂನಿಟ್ಟನ್ನೇ ಮೇ ತಿಂಗಳಲ್ಲಿ 5.80ಕ್ಕೆ ಕೊಂಡಂತೆ ಆಗುತ್ತದೆ. ಹೊಸ ಒಪ್ಪಂದದವರು ಮನೆಯ ಬಳಕೆಗಿಂತ ದೊಡ್ಡ ಘಟಕ ಹಾಕಿಸಿದರೆ ಲಾಭ ಕಡಿಮೆ ಎನ್ನುವುದು ಇದೇ ಕಾರಣಕ್ಕೆ. 9.56ರ ಹಳೆಯ ಒಪ್ಪಂದದವರಿಗೆ ಈ ಮಾತು ಪೂರ್ತಿ ತಿರುಗುಮುರುಗು.

ಹಗಲು ಬಳಸಿದರೆ ಬಿಲ್ಲು ಇಳಿಯುತ್ತದೆಯೇ

ಬಟ್ಟೆ ಒಗೆಯುವ ಯಂತ್ರ, ನೀರಿನ ಮೋಟರು, ಇಸ್ತ್ರಿ ಎಲ್ಲವನ್ನೂ ಬಿಸಿಲಿರುವಾಗಲೇ ಮುಗಿಸಿದರೆ ಬಿಲ್ಲು ಕಡಿಮೆಯಾಗುತ್ತದೆ ಎಂಬ ಸಲಹೆ ಬಹಳ ಪ್ರಚಾರದಲ್ಲಿದೆ. ನಿವ್ವಳ ಲೆಕ್ಕದಲ್ಲಿ ಇದು ನಿಜವಲ್ಲ. ರಾತ್ರಿ ಓಡುತ್ತಿದ್ದ ಮೋಟರನ್ನು ಮಧ್ಯಾಹ್ನಕ್ಕೆ ಸರಿಸಿದರೆ ಆಮದು 10 ಯೂನಿಟ್ ಇಳಿಯಿತು ಎಂದುಕೊಳ್ಳಿ. ಆ 10 ಯೂನಿಟ್ ಈಗ ಫಲಕದಿಂದ ಹೋಗುವುದರಿಂದ ರಫ್ತೂ ಸರಿಯಾಗಿ 10 ಇಳಿಯುತ್ತದೆ. ವ್ಯತ್ಯಾಸ ಮೊದಲಿನಷ್ಟೇ. ಬೇರೆ ಮಾತಿನಲ್ಲಿ, ಆಮದಿನಿಂದ ರಫ್ತನ್ನು ಕಳೆದರೂ, ಮನೆಯ ಒಟ್ಟು ಬಳಕೆಯಿಂದ ಒಟ್ಟು ಉತ್ಪಾದನೆಯನ್ನು ಕಳೆದರೂ ಬರುವ ಉತ್ತರ ಒಂದೇ. ಮೇಲಿನ ಮೇ ತಿಂಗಳನ್ನೇ ನೋಡಿ: 390ರಲ್ಲಿ 360 ಕಳೆದರೂ 30, 240ರಲ್ಲಿ 210 ಕಳೆದರೂ 30. ಯಾವ ಹೊತ್ತಿನಲ್ಲಿ ಬಳಸಿದಿರಿ ಎಂಬುದು ಆ ಉತ್ತರವನ್ನು ಮುಟ್ಟುವುದಿಲ್ಲ.

ಈ ಸಲಹೆ ಹುಟ್ಟಿದ್ದು ಬೇರೊಂದು ಪದ್ಧತಿಯಿಂದ. ಕೆಲವು ಕಡೆ ಆಮದಿಗೆ ಪೂರ್ಣ ದರ ಹಾಕಿ, ರಫ್ತಿಗೆ ಪ್ರತ್ಯೇಕವಾಗಿ ಕಡಿಮೆ ದರ ಕೊಡುತ್ತಾರೆ. ಅದಕ್ಕೆ ನೆಟ್ ಬಿಲ್ಲಿಂಗ್ ಎನ್ನುತ್ತಾರೆ. ಹೆಸರು ಹತ್ತಿರವಾದರೂ ಫಲ ದೂರ. ಅದೇ ಮೇ ತಿಂಗಳಿಗೆ ಆ ರೀತಿ ಲೆಕ್ಕ ಹಾಕಿದರೆ 240 ಯೂನಿಟ್ಟಿನ ಪೂರ್ಣ ಬಿಲ್ಲು 2,038 ರೂಪಾಯಿ 68 ಪೈಸೆ, ಅದರಲ್ಲಿ 210 ಯೂನಿಟ್ಟಿನ 525 ರೂಪಾಯಿ ಕಳೆದರೆ 1,513 ರೂಪಾಯಿ 68 ಪೈಸೆ. ನಿವ್ವಳ ಬಿಲ್ಲಿಗಿಂತ 878 ರೂಪಾಯಿ ಹೆಚ್ಚು. ಇಂತಹ ಕಡೆ ಹಗಲಿನ ಬಳಕೆ ಹಣ ಉಳಿಸುತ್ತದೆ. ಇದಲ್ಲದೆ ಗ್ರಾಸ್ ಮೀಟರಿಂಗ್ ಎಂಬ ಮೂರನೆಯ ಪದ್ಧತಿಯೂ ಇದೆ. ಅದರಲ್ಲಿ ಉತ್ಪಾದನೆಯನ್ನೆಲ್ಲ ಕಂಪನಿಗೇ ಮಾರಿ, ಮನೆಯ ಬಳಕೆಯನ್ನೆಲ್ಲ ಕೊಳ್ಳಬೇಕು. ಒಪ್ಪಂದದಲ್ಲಿ ಯಾವ ಪದ್ಧತಿಯ ಹೆಸರಿದೆ ಎಂದು ನೋಡದೆ ಲೆಕ್ಕಕ್ಕೆ ಕುಳಿತರೆ ಯಾವ ಅಂಕಿಯೂ ಹೊಂದುವುದಿಲ್ಲ.

ಲೆಕ್ಕ ತಪ್ಪುವುದು ಎಲ್ಲಿ

ಸಾಮಾನ್ಯ ತಪ್ಪು ಓದುವಿಕೆಯದು. ಮೀಟರ್ ಓದುವವರು ಉಳಿದ ಮನೆಗಳ ರೂಢಿಯಂತೆ ಆಮದಿನ ಅಂಕಿಯನ್ನಷ್ಟೇ ಯಂತ್ರಕ್ಕೆ ತುಂಬಿದರೆ ರಫ್ತು ಸೊನ್ನೆಯಾಗಿ ನಿಲ್ಲುತ್ತದೆ. ನಮ್ಮ ಮೇ ತಿಂಗಳ ಮನೆಗೆ 635ರ ಬದಲು 2,038 ರೂಪಾಯಿ ಬಿಲ್ಲು ಬರುತ್ತದೆ. ಬಿಲ್ಲಿನಲ್ಲಿ ರಫ್ತಿನ ಹಿಂದಿನ ಅಂಕಿ, ಈಗಿನ ಅಂಕಿ ಎರಡೂ ಒಂದೇ ಆಗಿದ್ದರೆ ಅಥವಾ ಆ ಜಾಗ ಖಾಲಿ ಇದ್ದರೆ ಕಾರಣ ಇದೇ. ಓದುವ ದಿನವೇ ಮೀಟರಿನ ಎರಡೂ ಅಂಕಿಗಳ ಫೋಟೋ ತೆಗೆದಿಟ್ಟುಕೊಂಡರೆ ಉಪವಿಭಾಗದ ಕಚೇರಿಯಲ್ಲಿ ಮಾತು ಬೇಗ ಮುಗಿಯುತ್ತದೆ.

ಇನ್ನೊಂದು ತಪ್ಪು ಹೆಚ್ಚು ದುಬಾರಿ. ಫಲಕ ಕೂಡಿಸಿದವರು ಕೆಲಸ ಮುಗಿಸಿ ಹೋಗಿದ್ದಾರೆ, ದ್ವಿಮುಖ ಮೀಟರ್ ಇನ್ನೂ ಬಂದಿಲ್ಲ. ಬಿಸಿಲು ವ್ಯರ್ಥವಾಗುತ್ತಿದೆ ಎಂದು ಮನೆಯವರು ಘಟಕವನ್ನು ಚಾಲೂ ಮಾಡುತ್ತಾರೆ. ಹಳೆಯ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಹಲವು ಕಳ್ಳತನ ತಡೆಯಲೆಂದೇ ಹರಿವು ಯಾವ ದಿಕ್ಕಿಗಿದ್ದರೂ ಬಳಕೆ ಎಂದೇ ಎಣಿಸುತ್ತವೆ. ಆಗ 240 ಮತ್ತು 210 ಸೇರಿ 450 ಯೂನಿಟ್ಟಿಗೆ ಬಿಲ್ಲು ಬರುತ್ತದೆ: 3,441 ರೂಪಾಯಿ 90 ಪೈಸೆ. ಫಲಕಗಳೇ ಇಲ್ಲದಿದ್ದರೂ ಇದಕ್ಕಿಂತ 400 ರೂಪಾಯಿ ಕಡಿಮೆ ಬರುತ್ತಿತ್ತು. ಮೀಟರ್ ಬದಲಾಗುವವರೆಗೆ ಸೌರ ಸ್ವಿಚ್ಚನ್ನು ಆರಿಸಿಡುವುದೇ ಲಾಭ.

ಹೊಸ ಮೀಟರಿನ ಜೋಡಣೆಯನ್ನೂ ಪರೀಕ್ಷಿಸಬಹುದು. ಮಧ್ಯಾಹ್ನ ಮನೆಯ ದೊಡ್ಡ ಉಪಕರಣಗಳನ್ನೆಲ್ಲ ಆರಿಸಿ ಅರ್ಧ ಗಂಟೆ ಕಾದರೆ ರಫ್ತಿನ ಅಂಕಿ ಏರಬೇಕು, ಆಮದಿನದು ನಿಂತಿರಬೇಕು. ರಾತ್ರಿ ಇದರ ವಿರುದ್ಧ. ಮಧ್ಯಾಹ್ನ ಆಮದು ಏರುತ್ತಿದ್ದರೆ ಮೀಟರಿಗೆ ತಂತಿಗಳನ್ನು ಅದಲುಬದಲಾಗಿ ಕೊಟ್ಟಿರುವ ಸಾಧ್ಯತೆ ಇದೆ. ತಿಂಗಳ ರಫ್ತು ಇನ್ವರ್ಟರ್ ತೋರಿಸುವ ಉತ್ಪಾದನೆಗಿಂತ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಎರಡರಲ್ಲಿ ಒಂದು ಅಳತೆ ತಪ್ಪು. ತಯಾರಾದದ್ದಕ್ಕಿಂತ ಹೆಚ್ಚು ಹೊರಗೆ ಹೋಗಲಾರದು.

ಕೆಲವೊಮ್ಮೆ ಬಿಲ್ಲು ಸರಿಯಿದ್ದು ಉತ್ಪಾದನೆಯೇ ಕುಸಿದಿರುತ್ತದೆ. ಕರೆಂಟು ಹೋದಾಗ ಬೀದಿಯ ತಂತಿಗೆ ಜೋಡಿಸಿದ ಸೌರ ಇನ್ವರ್ಟರ್ ತಾನೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮ್ಯಾನ್‌ಗೆ ಮನೆಯ ಕಡೆಯಿಂದ ವಿದ್ಯುತ್ ತಾಗಬಾರದೆಂಬ ರಕ್ಷಣೆ ಅದು. ಹೀಗಾಗಿ ಹಗಲಿನ ಪವರ್ ಕಟ್ಟು ಎಂದರೆ ಅಷ್ಟು ಹೊತ್ತಿನ ಬಿಸಿಲು ನಷ್ಟ. ವೋಲ್ಟೇಜ್ ಮಿತಿ ಮೀರಿ ಏರಿದರೂ ಇಳಿದರೂ ಹೀಗೆಯೇ. ಇನ್ವರ್ಟರಿನ ದಿನದ ನಕ್ಷೆಯಲ್ಲಿ ನಡುಹಗಲಲ್ಲಿ ಗೆರೆ ಸೊನ್ನೆಗೆ ಬಿದ್ದಿದ್ದರೆ ಇದನ್ನು ಗುರುತಿಸಬಹುದು. ಗೆರೆ ಮುರಿಯದೆ ದಿನದಿನಕ್ಕೆ ತಗ್ಗುತ್ತಿದ್ದರೆ ಅದು ಧೂಳು. ಅಕ್ಕಿ ಗಿರಣಿಗಳ ಊರಾದ ಸಿಂಧನೂರಿನಲ್ಲಿ ಹೊಟ್ಟಿನ ಬೂದಿ ಹಾರಿ ಬಂದು ಫಲಕದ ಮೇಲೆ ಕೂರುವ ಸಾಧ್ಯತೆ ಬೇರೆ. ಬೆಳಿಗ್ಗೆ ಫಲಕ ತಣ್ಣಗಿರುವಾಗಲೇ ನೀರು ಹಾಕಿ ತೊಳೆಯಬೇಕು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳುವ ಅಪಾಯವಿದೆ.

ಯಾರಿಗೆ ಈ ಲೆಕ್ಕ ಬೇಕು

2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ಟಿನೊಳಗೆ, ತಮಗೆ ಗೊತ್ತುಪಡಿಸಿದ ಸರಾಸರಿಯ ಮಿತಿಯಲ್ಲಿ ಬಳಸುವ ಮನೆಗಳಿಗೆ ಬಿಲ್ಲೇ ಸೊನ್ನೆ. ಅಂತಹ ಮನೆಗೆ ಫಲಕಗಳು ಉಳಿಸಿಕೊಡುವ ಹಣ ಅತ್ಯಲ್ಪ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಬಹಳ ಮನೆಗಳು ಚಾವಣಿ ಸೌರ ವಿದ್ಯುತ್ತಿನ ಕಡೆ ತಿರುಗದಿರಲು ಇದು ಸಾಕಾದ ಕಾರಣ ಎಂದರೆ ತಪ್ಪಾಗದು. 200 ಯೂನಿಟ್ ದಾಟಿದ ತಿಂಗಳು ಮಾತ್ರ ಇಡೀ ಬಳಕೆಗೆ ಬಿಲ್ಲು ಬೀಳುತ್ತದೆ. ಎ.ಸಿ. ಇರುವ, ಮನೆಯಲ್ಲೇ ಬೋರ್‌ವೆಲ್ ಮೋಟರು ಇರುವ, ವರ್ಷದ ಬಹುಪಾಲು 300 ಯೂನಿಟ್ ಮೀರಿ ಬಳಸುವ ಮನೆಗಳಿಗೆ ಮೇಲಿನ ಲೆಕ್ಕ ನೇರವಾಗಿ ಅನ್ವಯಿಸುತ್ತದೆ.

ದರಗಳು ಪ್ರತಿ ಏಪ್ರಿಲ್‌ನಲ್ಲಿ ಬದಲಾಗಬಹುದು. ಹೀಗಾಗಿ 145, 5.80, 36 ಪೈಸೆ ಎಂಬ ಅಂಕಿಗಳ ಜಾಗದಲ್ಲಿ ಆಯಾ ಸಾಲಿನ ಆದೇಶದ ಅಂಕಿಗಳನ್ನು ಇಟ್ಟುಕೊಳ್ಳಬೇಕು. ಲೆಕ್ಕದ ಕ್ರಮ ಬದಲಾಗುವುದಿಲ್ಲ. ಬಿಲ್ಲು ತಪ್ಪಾಗಿದೆ ಎಂದು ಖಚಿತವಾದರೆ 1912 ಸಹಾಯವಾಣಿಗೆ ದೂರು ಕೊಟ್ಟು ಸಂಖ್ಯೆ ಪಡೆಯಬೇಕು, ಜೊತೆಗೆ ಆರ್‌ಆರ್ ಸಂಖ್ಯೆ ಮತ್ತು ಎರಡೂ ತಿಂಗಳ ಮೀಟರ್ ಫೋಟೋಗಳೊಂದಿಗೆ ಉಪವಿಭಾಗದ ಕಚೇರಿಗೆ ಲಿಖಿತ ಅರ್ಜಿ ಕೊಡಬೇಕು. ಅಲ್ಲಿ ಇತ್ಯರ್ಥವಾಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗಲು ಅವಕಾಶವಿದೆ.